ಹನ್ನೆರಡು ದಿನದ ಕೂಸಿನ ನಾಲಿಗೆ ಕಟ್ಟು: ಬಿಡಿಸುವ ನಿರ್ಧಾರ ಹೇಗಾಯಿತು

ಇದು ಒಂದೇ ಮಗುವಿನ ಕಡತವಲ್ಲ. ಹಾಲೂಡಿಕೆಯ ತೊಂದರೆಯೆಂದು ಬರುವ ಬಾಣಂತಿಯರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಕೂಡಿಸಿ ಕಟ್ಟಿದ ಮಾದರಿ ಪ್ರಕರಣ.

ಚೊಚ್ಚಲ ಹೆರಿಗೆ, 39 ವಾರ ತುಂಬಿದ ಹೆಣ್ಣುಮಗು, ಸಹಜ ಹೆರಿಗೆ, ಹುಟ್ಟಿದಾಗಿನ ತೂಕ 2,900 ಗ್ರಾಂ. ಎರಡನೆಯ ದಿನ ರೌಂಡ್ಸ್‌ಗೆ ಬಂದವರೊಬ್ಬರು ಮಗು ಅಳುವಾಗ ಬಾಯಿಗೆ ಕಣ್ಣುಹಾಯಿಸಿ, ‘ನಾಲಿಗೆ ಕಟ್ಟಿದೆ, ಕತ್ತರಿಸಬೇಕಾಗುತ್ತೆ’ ಎಂದಿದ್ದರು. ಡಿಸ್ಚಾರ್ಜ್ ದಿನ ಇನ್ನೊಬ್ಬರು, ‘ಬೆಳೀತಾ ಬೆಳೀತಾ ತಾನೇ ಸರಿಹೋಗುತ್ತೆ, ಬಿಡಿ’ ಎಂದಿದ್ದರು. ಈ ಎರಡೂ ಮಾತನ್ನು ಹೇಳಿದ್ದು ಮಗು ಹಾಲು ಕುಡಿಯುವುದನ್ನು ನೋಡದೆ. ಐದನೆಯ ದಿನ ತೂಕ 2,640ಕ್ಕೆ ಇಳಿದಿತ್ತು, ಅಂದರೆ ಸುಮಾರು ಶೇ 9ರಷ್ಟು ಇಳಿಕೆ. ಒಂಬತ್ತನೆಯ ದಿನ ತಾಯಿ, ಅಜ್ಜಿಯೊಡನೆ ಕೂಸು ಮಕ್ಕಳ ವೈದ್ಯರ ಬಳಿ ಬಂದಾಗ ತೂಕ 2,660.

ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ. ಆದರೆ ನಾಲ್ಕು-ಐದನೆಯ ದಿನದ ಹೊತ್ತಿಗೆ ಹಾಲು ತುಂಬಿ ಬಂದ ಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಾ, ಎರಡು ವಾರದೊಳಗೆ ಹುಟ್ಟುತೂಕಕ್ಕೆ ಮರಳಬೇಕು. ಇಲ್ಲಿ ನಾಲ್ಕು ದಿನದಲ್ಲಿ ಏರಿದ್ದು 20 ಗ್ರಾಂ ಮಾತ್ರ. ಕೂಸು ದಿನಕ್ಕೆ ನಾಲ್ಕೈದು ಸಲ ಮೂತ್ರ ಮಾಡುತ್ತಿತ್ತು, ಕನಿಷ್ಠ ಆರು ಸಲವಾದರೂ ಆಗಬೇಕಿತ್ತು. ಒಂದೊಂದು ಸಲ ಕುಡಿಯಲು ಮುಕ್ಕಾಲರಿಂದ ಒಂದು ಗಂಟೆ ಹಿಡಿಯುತ್ತಿತ್ತು. ನಡುವೆ ನಿದ್ದೆಹೋಗಿ, ಕೆಳಗೆ ಮಲಗಿಸಿದ ಅರ್ಧ ಗಂಟೆಗೆ ಮತ್ತೆ ಅಳುತ್ತಿತ್ತು. ತಾಯಿಯ ಬಲ ತೊಟ್ಟು ಸೀಳಿತ್ತು. ನೋವಿಗೆ ಹತ್ತರಲ್ಲಿ ಏಳು ಅಂಕ ಕೊಟ್ಟರು.

ಅಜ್ಜಿಯ ಮಾತು: ‘ಇವಳಿಗೆ ಹಾಲೇ ಸಾಲ್ತಿಲ್ಲ ಡಾಕ್ಟ್ರೇ, ಡಬ್ಬಿ ಹಾಲು ಬರ್ಕೊಡಿ. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ರೆ ಸಡಿಲ ಆಗುತ್ತೆ ಅಂತಾರೆ ಪಕ್ಕದ ಮನೆಯವರು.’ ಬಜೆಯಿಂದ ನಾಲಿಗೆಯನ್ನು ಕಟ್ಟಿಹಿಡಿದ ಕೆಳಗಿನ ಪೊರೆ ಸಡಿಲವಾಗುವುದಿಲ್ಲ. ಜೇನಿನಲ್ಲಿ ತೇಯ್ದು ಕೊಡುವುದಾದರೆ ಅಪಾಯವೂ ಇದೆ, ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಹಾಲು ಸಾಲುತ್ತಿಲ್ಲ ಎಂಬ ಮಾತನ್ನು ಮಾತ್ರ ತಳ್ಳಿಹಾಕುವಂತಿರಲಿಲ್ಲ. ಹಾಲು ಎದೆಯಲ್ಲೇ ಇಲ್ಲವೇ, ಅಥವಾ ಇದ್ದರೂ ಮಗುವಿನ ಹೊಟ್ಟೆಗೆ ಹೋಗುತ್ತಿಲ್ಲವೇ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕಿತ್ತು.

ನಾಲಿಗೆಗೂ ಹಾಲಿಗೂ ಏನು ಸಂಬಂಧ

ನಾಲಿಗೆಯ ಕೆಳಗಿನ ಪೊರೆ ಎಲ್ಲರಿಗೂ ಇರುತ್ತದೆ. ಬಹುಕಾಲ ಅದನ್ನು ಬಾಯಿಯ ತಳಕ್ಕೂ ನಾಲಿಗೆಗೂ ನಡುವಿನ ಒಂದು ದಾರ ಎಂದುಕೊಳ್ಳಲಾಗಿತ್ತು. 2019ರಲ್ಲಿ ಪ್ರಕಟವಾದ ಅಂಗರಚನಾ ಅಧ್ಯಯನಗಳು ಅದು ಬಾಯಿಯ ತಳದಲ್ಲಿ ಹರಡಿದ ಅಂಗಾಂಶದ ಪದರ, ನಾಲಿಗೆ ಮೇಲೆದ್ದಾಗ ನಡುವೆ ಮಡಿಕೆಯಾಗಿ ನಿಲ್ಲುತ್ತದೆ ಎಂದು ತೋರಿಸಿದವು. ಹಾಗಾಗಿ ಪೊರೆ ಕಂಡ ಮಾತ್ರಕ್ಕೆ ಕಟ್ಟು ಎನ್ನುವಂತಿಲ್ಲ. ಅದು ಮೋಟಾಗಿ, ಬಿಗಿಯಾಗಿ, ನಾಲಿಗೆಯ ತುದಿಯ ತೀರ ಹತ್ತಿರಕ್ಕೆ ಬಂದು ಅಂಟಿ ಚಲನೆಯನ್ನೇ ತಡೆದರೆ ಮಾತ್ರ ಆ ಹೆಸರು ಸಲ್ಲುತ್ತದೆ.

ಚೆನ್ನಾಗಿ ಕುಡಿಯುವ ಕೂಸು ಬಾಯಿ ಅಗಲಿಸಿ ನಾಲಿಗೆಯನ್ನು ಕೆಳ ವಸಡಿನ ಮೇಲೆ ಚಾಚಿ, ತೊಟ್ಟಿನ ಜೊತೆಗೆ ಸುತ್ತಲಿನ ಕಪ್ಪು ಭಾಗವನ್ನೂ ಒಳಗೆಳೆದುಕೊಳ್ಳುತ್ತದೆ. ತೊಟ್ಟು ಗಟ್ಟಿ ಅಂಗುಳ ಮುಗಿದು ಮೆತ್ತನೆಯ ಅಂಗುಳ ಶುರುವಾಗುವ ಜಾಗದ ಹತ್ತಿರದವರೆಗೆ ಹೋಗುತ್ತದೆ. ಆಮೇಲೆ ನಾಲಿಗೆಯ ನಡುಭಾಗ ಕೆಳಗಿಳಿದಾಗ ಬಾಯೊಳಗೆ ನಿರ್ವಾತ ಉಂಟಾಗಿ ಹಾಲು ಹರಿಯುತ್ತದೆ. ನಾಲಿಗೆ ಮುಂದೆ ಚಾಚದಿದ್ದರೆ ತೊಟ್ಟು ಬಾಯಿಯ ಮುಂಭಾಗದಲ್ಲೇ ಉಳಿದು, ವಸಡಿಗೂ ಅಂಗುಳಕ್ಕೂ ನಡುವೆ ಜಜ್ಜಿಹೋಗುತ್ತದೆ. ತಾಯಿಗೆ ನೋವು, ಸೀಳು ಬರುವುದು ಇದರಿಂದ. ನಾಲಿಗೆ ಕೆಳಗಿಳಿಯುವಾಗ ಹಿಡಿತ ತಪ್ಪಿದರೆ ‘ಟಕ್, ಟಕ್’ ಎಂಬ ಸದ್ದು ಕೇಳುತ್ತದೆ, ಗಾಳಿಯೂ ಒಳಗೆ ಹೋಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಮೊದಲ ಕೆಲವು ವಾರ ಹಾರ್ಮೋನುಗಳ ಬಲದಿಂದ ಹಾಲು ಧಾರಾಳವಾಗಿ ಬರುವ ತಾಯಂದಿರಲ್ಲಿ, ನಾಲಿಗೆ ಸರಿಯಾಗಿ ಕೆಲಸ ಮಾಡದ ಮಗುವೂ ಬಾಯಿಗೆ ಬಂದು ಬಿದ್ದ ಹಾಲನ್ನು ನುಂಗಿ ತೂಕ ಏರಿಸಿಕೊಳ್ಳಬಹುದು. ಎದೆ ಪೂರ್ತಿ ಖಾಲಿಯಾಗದಿದ್ದರೆ ಮುಂದೆ ಹಾಲಿನ ಉತ್ಪಾದನೆ ಇಳಿಯುತ್ತದೆ. ಆಗ ಇಲ್ಲದ ಹಾಲಿಗೆ ತಾಯಿಯನ್ನು ದೂರುವುದು ನಡೆಯುತ್ತದೆ.

ಒಂಬತ್ತನೆಯ ದಿನ: ನೋಡಿದ್ದು ಯಾವ ಕ್ರಮದಲ್ಲಿ

ಬಾಯಿಗೆ ಬೆರಳು ಹಾಕುವ ಮುನ್ನ ಇಡೀ ಮಗುವನ್ನು ನೋಡಲಾಯಿತು. ಕಾಮಾಲೆ ಹೆಚ್ಚಾಗಿದೆಯೇ, ಮೈ ಸಡಿಲವಾಗಿದೆಯೇ, ಎದ್ದಿರುವಾಗ ಚುರುಕಾಗಿದೆಯೇ, ದವಡೆ ಹಿಂದೆ ಸರಿದಿದೆಯೇ, ಮೆತ್ತನೆಯ ಅಂಗುಳದಲ್ಲಿ ಒಳಸೀಳು ಇದೆಯೇ ಎಂದು. ಸೋಂಕು, ಹೃದಯದ ತೊಂದರೆ, ನರದ ದೌರ್ಬಲ್ಯ ಇರುವ ಮಗುವೂ ಕುಡಿಯುತ್ತಾ ದಣಿದು ನಿದ್ದೆಹೋಗುತ್ತದೆ. ಅಂಥ ಮಗುವಿನ ಬಾಯಲ್ಲಿ ಪೊರೆಯೂ ಕಂಡುಬಿಟ್ಟರೆ ಎಲ್ಲ ತಪ್ಪನ್ನೂ ಅದರ ಮೇಲೆ ಹೊರಿಸಿ ನಿಜವಾದ ಕಾಯಿಲೆ ಕೈತಪ್ಪಿಹೋಗುತ್ತದೆ. ನಾಲಿಗೆ ಕಟ್ಟಿನ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚು ದುಬಾರಿಯದು ಇದೇ. ಈ ಕೂಸಿನಲ್ಲಿ ಅಂಥದ್ದೇನೂ ಸಿಗಲಿಲ್ಲ.

ಎರಡನೆಯದಾಗಿ, ಒಂದು ಪೂರ್ತಿ ಊಟವನ್ನು ಕುಳಿತು ನೋಡಲಾಯಿತು. ಬಟ್ಟೆ, ಲಂಗೋಟಿ ಬದಲಿಸದೆ, ಒಂದೇ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಕುಡಿಯುವ ಮುನ್ನ ಮತ್ತು ಕುಡಿದ ಮೇಲೆ ತೂಗಿದರು. ಇದಕ್ಕೆ 2ರಿಂದ 5 ಗ್ರಾಂ ವ್ಯತ್ಯಾಸ ತೋರಿಸುವ ತಕ್ಕಡಿಯೇ ಬೇಕು. ಮನೆಗೆ ತರುವ ಸ್ಪ್ರಿಂಗ್ ತಕ್ಕಡಿ ವಾರದ ತೂಕಕ್ಕೆ ಸಾಕು, ಒಂದು ಊಟದ ಲೆಕ್ಕಕ್ಕೆ ಸಾಲದು. 40 ನಿಮಿಷದ ಬಳಿಕ ಏರಿದ್ದು 22 ಗ್ರಾಂ, ಅಂದರೆ ಹೆಚ್ಚುಕಡಿಮೆ 22 ಮಿಲಿಲೀಟರ್ ಹಾಲು. ಈ ವಯಸ್ಸಿನಲ್ಲಿ ಕಿಲೋಗೆ ದಿನಕ್ಕೆ ಸುಮಾರು 150 ಮಿಲಿ ಎಂದುಕೊಂಡರೆ ಇವಳಿಗೆ ಬೇಕಾದದ್ದು 400 ಮಿಲಿ, ಒಂಬತ್ತು ಊಟಕ್ಕೆ ಹಂಚಿದರೆ ತಲಾ 44. ಒಂದೇ ಊಟದ ತೂಕದಿಂದ ತೀರ್ಪು ಕೊಡಲಾಗದು, ಊಟದಿಂದ ಊಟಕ್ಕೆ ಅದು ಏರುಪೇರಾಗುತ್ತದೆ. ಆದರೆ ಮಗು ಎದೆ ಬಿಟ್ಟ ಮೇಲೆ ತಾಯಿ ಕೈಯಿಂದ ಹಿಂಡಿದಾಗ ಇನ್ನೂ 30 ಮಿಲಿ ಬಂತು. ಅಜ್ಜಿಯ ಅನುಮಾನಕ್ಕೆ ಉತ್ತರ ಸಿಕ್ಕಿದ್ದು ಇಲ್ಲಿ. ಎದೆಯಲ್ಲಿ ಹಾಲಿದೆ, ಮಗುವಿಗೆ ಎಳೆದುಕೊಳ್ಳಲು ಆಗುತ್ತಿಲ್ಲ.

ಕುಡಿಯುವಾಗ ಕಂಡದ್ದು: ಶುರುವಿನ ಎರಡು-ಮೂರು ನಿಮಿಷ ನುಂಗುವ ಸದ್ದು ಚೆನ್ನಾಗಿತ್ತು, ಆಮೇಲೆ ಬರೀ ಚಿಕ್ಕ ಚಿಕ್ಕ ಚೀಪು. ಕೆನ್ನೆ ಒಳಕ್ಕೆ ಕುಳಿಬೀಳುತ್ತಿತ್ತು, ನಡುನಡುವೆ ಟಕ್ ಸದ್ದು. ಬಿಟ್ಟಾಗ ತೊಟ್ಟು ದುಂಡಗಿರದೆ, ಹೊಸ ಲಿಪ್‌ಸ್ಟಿಕ್ಕಿನ ತುದಿಯ ಹಾಗೆ ಒಂದು ಬದಿಗೆ ಓರೆಯಾಗಿ, ತುದಿ ಬಿಳಿಚಿಕೊಂಡಿತ್ತು. ಆದರೆ ತಾಯಿ ಮಗುವನ್ನು ಬೆನ್ನಿನ ಮೇಲೆ ಮಲಗಿದ ಭಂಗಿಯಲ್ಲಿ ಹಿಡಿದು, ಕತ್ತು ಹೊರಳಿಸಿ ಎದೆಗೆ ಕೊಡುತ್ತಿದ್ದರು. ಬಾಯಿ ಅರ್ಧ ತೆರೆದಾಗಲೇ ತೊಟ್ಟನ್ನು ತುರುಕುತ್ತಿದ್ದರು. ನಾಲಿಗೆ ಸರಿಯಿರುವ ಮಗುವೂ ಹೀಗೆ ಹಿಡಿದರೆ ತೊಟ್ಟನ್ನು ಸೀಳಬಲ್ಲದು.

ಬಾಯಿಯ ಪರೀಕ್ಷೆ ಮೂರನೆಯದು. ಮಗುವನ್ನು ತಾಯಿಯ ಮಡಿಲಲ್ಲಿ ಮಲಗಿಸಿ, ತಲೆ ವೈದ್ಯರ ಕಡೆಗಿರುವಂತೆ ಇಟ್ಟುಕೊಂಡು, ಎರಡು ತೋರುಬೆರಳಿನಿಂದ ನಾಲಿಗೆಯನ್ನು ಎತ್ತಿ ನೋಡುತ್ತಾರೆ. ನಾಲಿಗೆಯ ಅಡಿಯಲ್ಲಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬೆರಳೋಡಿಸಿದಾಗ ನಡುವೆ ತಡೆ ಸಿಗುತ್ತದೆಯೇ ಎಂದು ಗಮನಿಸುತ್ತಾರೆ. ಇಲ್ಲಿ ತೆಳುವಾದ ಪೊರೆ ತುದಿಯಿಂದ ಸುಮಾರು 3 ಮಿಲಿಮೀಟರ್ ಹಿಂದೆ ಅಂಟಿತ್ತು.

ಇದನ್ನು ಅಂಕದಲ್ಲಿ ಹಿಡಿಯಲು ಬ್ರಿಸ್ಟಲ್ ಮಾಪನ ಬಳಸಿದರು. ಅದರಲ್ಲಿ ನೋಡುವುದು ನಾಲ್ಕೇ ಸಂಗತಿ: ನಾಲಿಗೆಯ ತುದಿಯ ಆಕಾರ, ಪೊರೆ ಕೆಳಗೆ ಎಲ್ಲಿ ಅಂಟಿದೆ, ಬಾಯಿ ಅಗಲಿಸಿ ಅಳುವಾಗ ನಾಲಿಗೆ ಎಷ್ಟು ಮೇಲೇಳುತ್ತದೆ, ಎಷ್ಟು ಮುಂದೆ ಚಾಚುತ್ತದೆ. ಪ್ರತಿಯೊಂದಕ್ಕೂ 0ರಿಂದ 2, ಒಟ್ಟು 8. ಮೂರು ಅಥವಾ ಅದಕ್ಕಿಂತ ಕಡಿಮೆಯಾದರೆ ಚಲನೆ ತೀವ್ರವಾಗಿ ಕುಗ್ಗಿದೆ ಎಂದರ್ಥ. ಇವಳ ನಾಲಿಗೆಯ ತುದಿಯಲ್ಲಿ ಸಣ್ಣ ಕಚ್ಚು (1), ಪೊರೆ ವಸಡಿನ ಒಳಮೈಗೆ ಅಂಟಿದೆ (1), ಅಳುವಾಗ ಅಂಚುಗಳಷ್ಟೇ ಬಾಯಿಯ ಮಧ್ಯದವರೆಗೆ ಏಳುತ್ತವೆ (1), ಚಾಚಿದರೆ ವಸಡಿನ ಮೇಲೆ ಬರುತ್ತದೆ, ತುಟಿ ದಾಟುವುದಿಲ್ಲ (1). ಒಟ್ಟು 4.

ನಾಲ್ಕು ಅಂಕ ಎಂದರೆ ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ. ಒಂದು ಅಂಕ ಕಡಿಮೆ ಬಿದ್ದಿದ್ದರೂ ಅಷ್ಟಕ್ಕೇ ಕತ್ತರಿ ಕೈಗೆತ್ತಿಕೊಳ್ಳುವ ಹಾಗಿಲ್ಲ, ನಾಲಿಗೆ ಬಿಗಿಯಾಗಿದ್ದೂ ಸಲೀಸಾಗಿ ಕುಡಿಯುವ ಮಕ್ಕಳು ಸಾಕಷ್ಟಿದ್ದಾರೆ. ಅಂಕ ಇರುವುದು ಇಬ್ಬರು ವೈದ್ಯರು ಒಂದೇ ಮಾತಾಡುವಂತಾಗಲು.

ಮೊದಲ ಮೂರು ದಿನ: ಕತ್ತರಿ ಇಲ್ಲದ ಚಿಕಿತ್ಸೆ

ಒಂದೇ ಸಲಕ್ಕೆ ಹಿಡಿತ, ನಾಲಿಗೆ ಎರಡನ್ನೂ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಅದಕ್ಕೆ ಮೊದಲು ಹಿಡಿತವನ್ನು ತಿದ್ದಲಾಯಿತು. ತಾಯಿ ದಿಂಬಿಗೆ ಒರಗಿ ಅರ್ಧ ಮಲಗಿದಂತೆ ಕೂತು, ಮಗುವಿನ ಹೊಟ್ಟೆ ತಮ್ಮ ಹೊಟ್ಟೆಗೆ ತಾಗುವಂತೆ ಹಿಡಿದುಕೊಂಡರು. ತೊಟ್ಟು ಮೂಗಿನ ನೇರಕ್ಕೆ, ಮಗುವಿನ ಗದ್ದ ಮೊದಲು ಎದೆಗೆ ತಾಗಬೇಕು. ಬಾಯಿ ಪೂರ್ತಿ ಅಗಲವಾಗುವವರೆಗೆ ಕಾಯಬೇಕು, ಆಮೇಲೆ ಎದೆಯನ್ನು ಮಗುವಿನತ್ತ ತಳ್ಳುವ ಬದಲು ಮಗುವನ್ನೇ ಎದೆಗೆ ಹತ್ತಿರ ತರಬೇಕು. ನುಂಗುವುದು ನಿಂತಾಗ ಎದೆಯನ್ನು ಮೆಲ್ಲಗೆ ಒತ್ತಿ ಹಾಲು ಹರಿಸಬೇಕು.

ಜೊತೆಗೆ, ಪ್ರತಿ ಊಟವನ್ನು ಅರ್ಧ ಗಂಟೆಗೆ ಮುಗಿಸಿ, ಉಳಿದ ಹಾಲನ್ನು ಹಿಂಡಿ, 20ರಿಂದ 25 ಮಿಲಿಯನ್ನು ಒಳಲೆಯಲ್ಲಿ ಕುಡಿಸಲು ಹೇಳಿದರು, ದಿನಕ್ಕೆ ಎಂಟು ಸಲ. ಒಳಲೆ ಪ್ರತಿ ಸಲ ಕುದಿಯುವ ನೀರಿನಲ್ಲಿ ತೊಳೆದದ್ದಾಗಿರಬೇಕು, ಮಗು ಎಚ್ಚರವಾಗಿರಬೇಕು, ತಲೆ ಎತ್ತರದಲ್ಲಿರಬೇಕು, ಹಾಲನ್ನು ತುಟಿಯ ಅಂಚಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಗಂಟಲಿಗೆ ಸುರಿದರೆ ನೆತ್ತಿಗೇರುತ್ತದೆ. ಹೀಗೆ ಹಿಂಡುವುದರಿಂದ ಎರಡು ಲಾಭ: ಮಗು ಹಸಿದಿರುವುದಿಲ್ಲ, ಎದೆ ಖಾಲಿಯಾಗುವುದರಿಂದ ಹಾಲೂ ಕುಗ್ಗುವುದಿಲ್ಲ. ಡಬ್ಬಿ ಹಾಲಿನ ಅಗತ್ಯ ಬೀಳಲಿಲ್ಲ. ಹಿಂಡಿದ ಹಾಲು ಸಾಲದಿದ್ದರೆ ಅದನ್ನೂ ಕೊಡಬೇಕಾಗುತ್ತಿತ್ತು, ಅದರಲ್ಲಿ ತಪ್ಪೇನಿಲ್ಲ.

ಹನ್ನೆರಡನೆಯ ದಿನ ತೂಕ 2,780. ದಿನಕ್ಕೆ 40 ಗ್ರಾಂ ಏರಿಕೆ. ಮೂತ್ರ ಏಳು ಸಲ.

ಇಲ್ಲಿ ಮೋಸಹೋಗುವುದು ಸುಲಭ. ‘ತೂಕ ಏರಿತು, ನಾಲಿಗೆ ಸರಿಯಾಯಿತು’ ಎಂದು ಕಡತ ಮುಚ್ಚಬಹುದಿತ್ತು. ಆದರೆ ತೂಕ ಏರಿಸಿದ್ದು ಒಳಲೆ. ಎದೆಯಿಂದ ನೇರ ಕುಡಿದದ್ದನ್ನು ಮತ್ತೆ ತೂಗಿ ನೋಡಿದಾಗ 35 ನಿಮಿಷಕ್ಕೆ 26 ಮಿಲಿ, ಅಂದರೆ ಹೆಚ್ಚೇನೂ ಬದಲಾಗಿರಲಿಲ್ಲ. ಹಿಡಿತ ಈಗ ನೋಡಲು ಚೆನ್ನಾಗಿತ್ತು, ಆದರೂ ನೋವು ಏಳರಿಂದ ಐದಕ್ಕೆ ಇಳಿದು ನಿಂತಿತ್ತು. ಸೀಳು ಒಣಗಿರಲಿಲ್ಲ, ತೊಟ್ಟು ಓರೆಯಾಗಿಯೇ ಹೊರಬರುತ್ತಿತ್ತು. ಊಟ, ಹಿಂಡುವುದು, ಒಳಲೆ, ತೊಳೆಯುವುದು ಎಲ್ಲ ಸೇರಿ ಒಂದು ಸುತ್ತಿಗೆ ಒಂದೂವರೆ ಗಂಟೆ ಬೇಕು. ಹಸಿ ಬಾಣಂತಿ ಇದನ್ನು ಹಗಲುರಾತ್ರಿ ಎಷ್ಟು ವಾರ ಮಾಡಿಯಾರು?

ಬಿಡಿಸುವುದೇ, ಬೇಡವೇ

ನಿರ್ಧಾರಕ್ಕೆ ಆಧಾರವಾದದ್ದು ಈಗ ಸ್ಪಷ್ಟವಾಗಿತ್ತು: ನಾಲಿಗೆಯ ಚಲನೆಗೆ ತಡೆಯಿದೆ, ಆ ತಡೆಗೆ ಹೊಂದುವ ತೊಂದರೆ ತಾಯಿಗೂ ಮಗುವಿಗೂ ಇದೆ, ಬೇರೆ ಕಾರಣ ಸಿಕ್ಕಿಲ್ಲ, ಹಿಡಿತ ತಿದ್ದಿದ ಮೇಲೂ ಅದು ಉಳಿದಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2024ರಲ್ಲಿ ಹೊರತಂದ ವರದಿಯ ಒಲವೂ ಇದೇ ದಾರಿಯದು.

ಹಾಗಂತ ಅಪ್ಪ-ಅಮ್ಮನಿಗೆ ಕೊಟ್ಟ ಭರವಸೆ ದೊಡ್ಡದಾಗಿರಲಿಲ್ಲ. 2017ರ ಕೊಕ್ರೇನ್ ವಿಮರ್ಶೆ ಐದು ಪ್ರಯೋಗಗಳ 302 ಮಕ್ಕಳ ಮಾಹಿತಿ ನೋಡಿ, ಪೊರೆ ಬಿಡಿಸಿದರೆ ತಾಯಿಯ ತೊಟ್ಟಿನ ನೋವು ಕೆಲಕಾಲಕ್ಕಾದರೂ ಇಳಿಯುತ್ತದೆ, ಆದರೆ ಮಗುವಿನ ಕುಡಿಯುವಿಕೆ ಸುಧಾರಿಸುತ್ತದೆ ಎಂಬುದಕ್ಕೆ ಒಂದೇ ತೆರನಾದ ಪುರಾವೆ ಇಲ್ಲ ಎಂದಿತು. ಬ್ರಿಟನ್ನಿನ ಫ್ರಾಸ್ಟಿ ಪ್ರಯೋಗದಲ್ಲಿ, ಬಿಡಿಸುವ ಗುಂಪಿಗೂ ಬರೀ ಹಾಲೂಡಿಕೆಯ ನೆರವಿನ ಗುಂಪಿಗೂ ಮೂರನೆಯ ತಿಂಗಳಲ್ಲಿ ಎದೆಹಾಲು ಕುಡಿಯುತ್ತಿದ್ದವರ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಆದರೆ ನೆರವಷ್ಟೇ ಸಿಗಬೇಕಿದ್ದ ಗುಂಪಿನ ಬಹುಪಾಲು ಮಕ್ಕಳಿಗೂ ನಡುವೆ ಪೊರೆ ಬಿಡಿಸಿಬಿಟ್ಟಿದ್ದರು, ಅಂದುಕೊಂಡಷ್ಟು ಮಕ್ಕಳೂ ಸೇರದೆ ಪ್ರಯೋಗ ಬೇಗ ನಿಂತಿತು. ಹಾಗಾಗಿ ಅದನ್ನು ಹಿಡಿದುಕೊಂಡು ‘ಕತ್ತರಿಸಿ ಪ್ರಯೋಜನವಿಲ್ಲ’ ಎನ್ನಲೂ ಆಗುವುದಿಲ್ಲ. ಪೋಷಕರಿಗೆ ಹೇಳಿದ್ದು ಇಷ್ಟು: ನೋವು ಇಳಿಯುವ ಸಾಧ್ಯತೆ ಚೆನ್ನಾಗಿದೆ, ಹಾಲೆಳೆಯುವುದು ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು. ಇನ್ನೆರಡು ವಾರ ಈಗಿನಂತೆಯೇ ನಡೆಸುತ್ತೇವೆ ಎಂದರೆ ಅದೂ ತಪ್ಪಲ್ಲ. ಅವರು ಬಿಡಿಸಲು ಒಪ್ಪಿದರು.

ಕತ್ತರಿಸುವ ಮುನ್ನ ಡಿಸ್ಚಾರ್ಜ್ ಕಾರ್ಡಿನಲ್ಲಿ ಹುಡುಕಿದ್ದು ಒಂದು ಸಾಲನ್ನು: ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು 1 ಮಿಲಿಗ್ರಾಂ ಕೊಟ್ಟಿದ್ದಾರೆಯೇ. ಕೊಟ್ಟಿದ್ದರು. ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟದ ಕಾಯಿಲೆ ಇದೆಯೇ, ಹೊಕ್ಕುಳಿನಿಂದ ರಕ್ತ ಒಸರಿತ್ತೇ ಎಂದೂ ಕೇಳಿದರು. ವಿಟಮಿನ್ ಕೆ ಸಿಗದ ಮಗುವಿಗೆ ಅದನ್ನು ಕೊಡದೆ ಈ ಕೆಲಸಕ್ಕೆ ಕೈಹಾಕಬಾರದು. ದವಡೆ ಹಿಂದೆ ಸರಿದ ಮಗುವಿನಲ್ಲೂ ಜಾಗ್ರತೆ ಬೇಕು, ಬಿಡಿಸಿದ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಾಟಕ್ಕೆ ಅಡ್ಡಿಯಾಗಬಹುದು.

ಮಾಡಿದ್ದು ಹೇಗೆ

ಮಗುವನ್ನು ಬಟ್ಟೆಯಲ್ಲಿ ಭುಜದವರೆಗೆ ಸುತ್ತಿ, ಸಹಾಯಕಿ ತಲೆಯನ್ನು ಅಲುಗದಂತೆ ಹಿಡಿದರು. ನೋವು ತಗ್ಗಿಸಲು ಆಸ್ಪತ್ರೆಯ ಶೇ 24ರ ಸಕ್ಕರೆ ದ್ರಾವಣದ ಕೆಲವು ಹನಿ ನಾಲಿಗೆಗೆ ಬಿಟ್ಟರು. ಮರಗಟ್ಟಿಸುವ ಬೆಂಜೊಕೇನ್ ಜೆಲ್ ಹಚ್ಚಲಿಲ್ಲ, ಶಿಶುಗಳಲ್ಲಿ ಅದು ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕೆಡಿಸಬಹುದು. ನಡುವೆ ಸೀಳಿರುವ ಲೋಹದ ಪಟ್ಟಿಯಿಂದ ನಾಲಿಗೆಯನ್ನೆತ್ತಿದಾಗ ಪೊರೆ ಆ ಸೀಳಿನಲ್ಲಿ ಬಿಗಿಯಾಗಿ ನಿಂತಿತು. ಮೊಂಡು ತುದಿಯ ಸಣ್ಣ ಕತ್ತರಿಯಿಂದ, ಪೊರೆಯ ತೆಳುವಾದ, ರಕ್ತನಾಳವಿಲ್ಲದ ಭಾಗದಲ್ಲಿ, ನಾಲಿಗೆಗೆ ಹತ್ತಿರವಾಗಿ 4 ಮಿಲಿಮೀಟರಿನಷ್ಟು ಕತ್ತರಿಸಿದರು. ಕೆಲವೇ ಸೆಕೆಂಡಿನ ಕೆಲಸ.

ತಪ್ಪಾಗುವುದು ಆಳದಲ್ಲಿ. ಪೊರೆಯ ಬುಡದ ಎರಡೂ ಪಕ್ಕ, ಬಾಯಿಯ ತಳದಲ್ಲಿ, ಜೊಲ್ಲುಗ್ರಂಥಿಗಳ ನಾಳಗಳು ತೆರೆಯುತ್ತವೆ, ಹಾಗಾಗಿ ಕತ್ತರಿ ಕೆಳಕ್ಕೆ ಜಾರಬಾರದು. ಹಿಂದಕ್ಕೆ, ಆಳಕ್ಕೆ ಹೋದರೆ ನಾಲಿಗೆಯ ಸ್ನಾಯು, ದೊಡ್ಡ ರಕ್ತನಾಳಗಳು, ನಾಲಿಗೆಯ ಅಡಿಮೈಯಲ್ಲೇ ಹರಡಿರುವ ಸ್ಪರ್ಶನರದ ಕವಲುಗಳು ಸಿಗುತ್ತವೆ. ‘ಒಳಗಿನ ಕಟ್ಟು’ ಎಂದು ಹೆಸರಿಟ್ಟು, ಕಣ್ಣಿಗೆ ಕಾಣದ ಪೊರೆಯನ್ನು ಹುಡುಕುತ್ತಾ ಆಳಕ್ಕೆ ಹೋಗುವ ಈಚಿನ ಪರಿಪಾಠದಲ್ಲಿ ಅಪಾಯ ಇರುವುದು ಇಲ್ಲಿಯೇ. ಲೇಸರ್ ಬಳಸಿದರೆ ಫಲಿತಾಂಶ ಇನ್ನೂ ಚೆನ್ನಾಗಿರುತ್ತದೆ ಎಂಬುದಕ್ಕೂ ಪುರಾವೆಯಿಲ್ಲ, ಬಿಲ್ಲು ಮಾತ್ರ ದೊಡ್ಡದಾಗುತ್ತದೆ.

ನಾಲ್ಕೈದು ಹನಿ ರಕ್ತ ಬಂತು. ಗಾಜ್ ಬಟ್ಟೆಯಿಂದ ಒತ್ತಿಹಿಡಿದು, ನಿಂತ ಮೇಲೆ ತಕ್ಷಣ ಎದೆಗೆ ಕೊಟ್ಟರು. ಐದು-ಹತ್ತು ನಿಮಿಷ ಒತ್ತಿದರೂ ಒಸರುತ್ತಲೇ ಇದ್ದರೆ ಮನೆಗೆ ಕಳಿಸುವುದಿಲ್ಲ. ಮರುದಿನದಿಂದ ನಾಲಿಗೆಯ ಕೆಳಗೆ ವಜ್ರಾಕಾರದ ಬಿಳಿ ಅಥವಾ ಹಳದಿ ಕಲೆ ಕಾಣುತ್ತದೆ, ಅದು ಕೀವಲ್ಲ, ಒಂದೆರಡು ವಾರದಲ್ಲಿ ಮಾಯವಾಗುತ್ತದೆ. ಗಾಯ ಮತ್ತೆ ಅಂಟದಿರಲೆಂದು ದಿನಕ್ಕೆ ಹಲವು ಬಾರಿ ಬೆರಳಿನಿಂದ ಉಜ್ಜಿ ಎಳೆಯುವ ವ್ಯಾಯಾಮವನ್ನು ಕೆಲವರು ಹೇಳುತ್ತಾರೆ. ಇಲ್ಲಿ ಹೇಳಲಿಲ್ಲ. ಅದರಿಂದ ಲಾಭವಿದೆ ಎಂದು ಸಾಬೀತಾಗಿಲ್ಲ, ಬಾಯಿಗೆ ಏನು ಬಂದರೂ ಮುಖ ತಿರುಗಿಸುವ ಅಭ್ಯಾಸವನ್ನು ಮಗುವಿಗೆ ಅದು ಹಿಡಿಸಬಹುದು. ಪದೇ ಪದೇ ಎದೆಗೆ ಹಾಕುವುದೇ ನಾಲಿಗೆಗೆ ಸಾಕಷ್ಟು ವ್ಯಾಯಾಮ.

ಆಮೇಲಿನ ದಿನಗಳು

ಬಿಡಿಸಿದ ಕೂಡಲೇ ಕುಡಿದದ್ದು 30 ಮಿಲಿ. ನೋವು ಐದರಿಂದ ಎರಡಕ್ಕೆ ಇಳಿಯಿತು, ಹಾಲೆಳೆಯುವುದು ಅಷ್ಟು ಬೇಗ ಸುಧಾರಿಸಲಿಲ್ಲ. ಹನ್ನೆರಡು ದಿನ ಒಂದು ರೀತಿಯಲ್ಲಿ ಚೀಪಿ ಅಭ್ಯಾಸವಾದ ಮಗು ಹೊಸ ರೀತಿ ಕಲಿಯಲು ಸಮಯ ತೆಗೆದುಕೊಳ್ಳುತ್ತದೆ. ಈ ದಿನಗಳಲ್ಲಿ ಒಳಲೆಯನ್ನು ಒಮ್ಮೆಲೇ ನಿಲ್ಲಿಸಿ ತೂಕ ಕುಸಿದು, ‘ಕತ್ತರಿಸಿದ್ದೂ ದಂಡ’ ಎಂದುಕೊಳ್ಳುವವರಿದ್ದಾರೆ.

ಹದಿನೈದನೆಯ ದಿನ 25 ನಿಮಿಷಕ್ಕೆ 38 ಮಿಲಿ ಕುಡಿದಳು, ತೂಕ 2,885. ಒಳಲೆಯ ಹಾಲನ್ನು ಎಂಟು ಸಲದಿಂದ ನಾಲ್ಕಕ್ಕೆ, ಆಮೇಲೆ ರಾತ್ರಿಯ ಎರಡಕ್ಕೆ ಇಳಿಸಿ, ಹತ್ತೊಂಬತ್ತನೆಯ ದಿನ ನಿಲ್ಲಿಸಿದರು. ಇಪ್ಪತ್ತನೆಯ ದಿನ 20 ನಿಮಿಷಕ್ಕೆ 52 ಮಿಲಿ, ತೂಕ 3,050, ತೊಟ್ಟು ದುಂಡಗೆ ಹೊರಬರುತ್ತಿತ್ತು. ಒಳಲೆಯಿಲ್ಲದೆ ಏರಿದ ತೂಕ ಮುಖ್ಯವಾದ್ದರಿಂದ ಇಪ್ಪತ್ತೆಂಟನೆಯ ದಿನದವರೆಗೆ ಕಾದರು: 3,290, ಅಂದರೆ ದಿನಕ್ಕೆ 30 ಗ್ರಾಂ. ಇಷ್ಟರ ಮೇಲೂ, ಕತ್ತರಿಸದೆ ಇನ್ನೆರಡು ವಾರ ನೆರವು ಕೊಟ್ಟಿದ್ದರೆ ಇದೇ ಜಾಗಕ್ಕೆ ಬರುತ್ತಿದ್ದಳೇ ಎಂಬುದನ್ನು ಒಂದು ಪ್ರಕರಣದಿಂದ ಹೇಳಲಾಗದು. ಹೇಳಬಹುದಾದದ್ದು, ಹಿಡಿತ ತಿದ್ದಿದ ಮೇಲೂ ಐದರಲ್ಲೇ ನಿಂತಿದ್ದ ನೋವು ಬಿಡಿಸಿದ ದಿನವೇ ಎರಡಕ್ಕೆ ಇಳಿಯಿತು ಎಂದಷ್ಟೇ.

ಆರನೆಯ ವಾರ ಲಸಿಕೆಗೆ ಬಂದಾಗ ಅಜ್ಜಿಗೆ ಎರಡು ಪ್ರಶ್ನೆಗಳಿದ್ದವು. ಮೇಲ್ತುಟಿಯ ಒಳಗೂ ಇಂಥದ್ದೇ ಪೊರೆಯಿದೆ, ಅದನ್ನೂ ಕತ್ತರಿಸಬೇಕೇ? ಬೇಡ. ಅದು ಶಿಶುಗಳಲ್ಲಿ ಸಾಮಾನ್ಯ, ಹಾಲು ಕುಡಿಯಲು ಅದರಿಂದ ಅಡ್ಡಿಯೆಂಬುದಕ್ಕೆ ಆಧಾರವಿಲ್ಲ. ಎರಡನೆಯದು, ಈಗ ಬಿಡಿಸಿದ್ದರಿಂದ ಮಾತು ತೊದಲುವುದು ತಪ್ಪಿತಲ್ಲವೇ? ಮುಂದೆ ಮಾತು ಕೆಡದಿರಲೆಂದು ಶಿಶುವಿನಲ್ಲೇ ಪೊರೆ ಬಿಡಿಸಬೇಕು ಎಂಬುದಕ್ಕೆ ಪುರಾವೆಯಿಲ್ಲ. ಕಟ್ಟು ಇರುವ ಬಹಳಷ್ಟು ಮಕ್ಕಳು ಸ್ಪಷ್ಟವಾಗಿಯೇ ಮಾತಾಡುತ್ತಾರೆ. ಇವಳಿಗೆ ಬಿಡಿಸಿದ್ದು ಹಾಲಿಗಾಗಿ. ಮೂರು ವರ್ಷದ ಹೊತ್ತಿಗೆ ಮಾತು ಸ್ಪಷ್ಟವಾಗಿಲ್ಲದಿದ್ದರೆ, ಮೊದಲು ಕಿವಿಯ ಪರೀಕ್ಷೆ ಮಾಡಿಸಿ ವಾಕ್ ಚಿಕಿತ್ಸಕರಿಗೆ ತೋರಿಸಿ ಎಂದು ಕಾರ್ಡಿನಲ್ಲಿ ಬರೆದುಕೊಟ್ಟರು.